ಏಳು ತಿಂಗಳು ಬಿಟ್ಟಿದ್ದ ಕುಡಿತ ಪಿತೃಪಕ್ಷದಲ್ಲಿ ಮರಳಿದೆ: ಈಗ ಏನು ಮಾಡಬೇಕು?

ಮಂಡ್ಯದ ತಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ತಾಲ್ಲೂಕಿನ ಒಂದು ಊರು. ನಾಲೆ ನೀರಿನ ಗದ್ದೆ, ಒಂದಿಷ್ಟು ಕಬ್ಬು ನಮ್ಮ ಜೀವನ. ನನ್ನ ಅಣ್ಣನಿಗೆ 42 ವರ್ಷ. ಹತ್ತು ಹನ್ನೆರಡು ವರ್ಷ ದಿನವೂ ಕುಡಿಯುತ್ತಿದ್ದವನು ಕಳೆದ ಫೆಬ್ರವರಿಯಲ್ಲಿ ಆಸ್ಪತ್ರೆಗೆ ದಾಖಲಾಗಿ ಬಿಟ್ಟಿದ್ದ. ಆಗ ಕುಡಿತ ನಿಲ್ಲಿಸಿದ ಎರಡನೆಯ ದಿನ ಅವನಿಗೆ ಒಮ್ಮೆ ಫಿಟ್ಸ್ ಬಂದಿತ್ತು. ಅಲ್ಲಿಂದ ಮುಂದೆ ಏಳು ತಿಂಗಳು ಒಂದು ತೊಟ್ಟೂ ಮುಟ್ಟಲಿಲ್ಲ. ಯುಗಾದಿಯ ಮರುದಿನದ ಹೊಸ ತೊಡಕಿನಲ್ಲಿ ಊರೆಲ್ಲ ಕುಡಿದಿದ್ದಾಗಲೂ ಅವನು ಮನೆಯಲ್ಲೇ ಕುಳಿತು ನಮ್ಮೊಂದಿಗೆ ಊಟ ಮಾಡಿದ.

ಮಹಾಲಯ ಅಮಾವಾಸ್ಯೆಯ ದಿನ ಅಪ್ಪನಿಗೆ ಎಡೆ ಇಟ್ಟೆವು. ನಮ್ಮಲ್ಲಿ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಇಡುವ ಪದ್ಧತಿ ಇರುವುದರಿಂದ ಮಾಂಸದ ಅಡುಗೆಯ ಜೊತೆಗೆ ಒಂದು ಕ್ವಾರ್ಟರ್ ಬ್ರಾಂದಿಯನ್ನೂ ಇಟ್ಟಿದ್ದೆವು. ಆ ರಾತ್ರಿ ಅಣ್ಣ ಎಡೆಯ ಲೋಟವನ್ನು ಪ್ರಸಾದವೆಂದು ಕುಡಿದನಂತೆ. ಮರುದಿನ ಬೆಳಿಗ್ಗೆಯಿಂದ ಶುರುವಾದದ್ದು ಇವತ್ತಿಗೆ ಐದನೆಯ ದಿನ. ಬೆಳಿಗ್ಗೆ ಎದ್ದೊಡನೆ ಬೇಕು ಎನ್ನುತ್ತಾನೆ, ಊಟ ಸೇರುತ್ತಿಲ್ಲ. ಅತ್ತಿಗೆ ತವರಿಗೆ ಹೋಗುವ ಮಾತಾಡುತ್ತಿದ್ದಾರೆ. ಅಮ್ಮ ಇದು ಮಾಟ ಎನ್ನುತ್ತಾರೆ.

ಮೊದಲ ತಿಂಗಳಲ್ಲಿ ಜಾರಿದ್ದರೆ ನನಗೆ ಅರ್ಥವಾಗುತ್ತಿತ್ತು. ಇಷ್ಟು ತಿಂಗಳು ನಿಭಾಯಿಸಿದವನು ಈಗ ಹೀಗೇಕೆ ಆದ? ಇವತ್ತು ರಾತ್ರಿ ಅವನನ್ನು ಕೋಣೆಯಲ್ಲಿ ಕೂಡಿಹಾಕಿ ನಿಲ್ಲಿಸಬೇಕೆಂದು ಮನೆಯವರೆಲ್ಲ ತೀರ್ಮಾನಿಸಿದ್ದೇವೆ. ಅನುಭವ ಇರುವವರು ದಯವಿಟ್ಟು ಹೇಳಿ.

ಕೆ.ಆರ್. ಪೇಟೆಯ ಮಾವ

ತಮ್ಮಾ, ನಾನು ನಮ್ಮ ಊರಿನಲ್ಲಿ ಹತ್ತಾರು ಜನರನ್ನು ನೋಡಿ ಹೇಳುತ್ತಿದ್ದೇನೆ. ಬಿಟ್ಟ ಮೊದಲ ಮೂರು ತಿಂಗಳೇ ಕಷ್ಟದ ಕಾಲ, ಬೀಳುವವರಲ್ಲಿ ಹೆಚ್ಚಿನವರು ಆಗಲೇ ಬೀಳುತ್ತಾರೆ. ಮೂರು ತಿಂಗಳು ದಾಟಿತೆಂದರೆ ಮೈಯಲ್ಲಿದ್ದ ವಿಷವೆಲ್ಲ ಹೊರಟುಹೋಗಿರುತ್ತದೆ. ಆಮೇಲೆ ಕುಡಿದರೆ ಅದು ಮನೋಬಲದ ಕೊರತೆ, ಇಲ್ಲವೇ ಸಹವಾಸದ ದೋಷ. ನಿಮ್ಮ ಅಣ್ಣನ ಜೊತೆ ಯಾರು ಕೂರುತ್ತಾರೆಂದು ಮೊದಲು ನೋಡು.

ಕೂಡಿಹಾಕುವ ನಿಮ್ಮ ತೀರ್ಮಾನ ಸರಿಯಾಗಿದೆ. ಮೂರು ದಿನ ಗಟ್ಟಿ ಮನಸ್ಸು ಮಾಡಿದರೆ ನಡುಕ ತಾನಾಗಿ ಇಳಿಯುತ್ತದೆ. ಆಮೇಲೆ ಕುಡಿದರೆ ವಾಂತಿ ಬರಿಸುವ ಮಾತ್ರೆ ಇದೆಯಲ್ಲ, ಅದನ್ನು ಅವನಿಗೆ ತಿಳಿಯದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ. ನಮ್ಮ ಬೀದಿಯಲ್ಲಿ ಒಬ್ಬರ ಮನೆಯಲ್ಲಿ ಹಾಗೆ ಮಾಡಿಯೇ ಬಿಡಿಸಿದರು.

ನಿವೃತ್ತ ಶುಶ್ರೂಷಕಿ, ಮೈಸೂರು

ಮಂಡ್ಯದ ತಮ್ಮ ಅವರೇ, ನಾನು ಮನೋರೋಗ ವಿಭಾಗದ ವಾರ್ಡಿನಲ್ಲಿ ಬಹುಕಾಲ ಕೆಲಸ ಮಾಡಿದವಳು. ಕಾರಣದ ಚರ್ಚೆಯನ್ನು ಆಮೇಲೆ ಮಾಡೋಣ. ಮೊದಲು ಇವತ್ತಿನ ರಾತ್ರಿಯ ವಿಚಾರ: ದಯವಿಟ್ಟು ಅವರನ್ನು ಕೂಡಿಹಾಕಬೇಡಿ.

ನಿಮ್ಮ ಅಣ್ಣನಿಗೆ ಹಿಂದಿನ ಸಲ ನಿಲ್ಲಿಸಿದಾಗ ಫಿಟ್ಸ್ ಬಂದಿದೆ ಎಂದು ನೀವೇ ಬರೆದಿದ್ದೀರಿ. ಒಮ್ಮೆ ಹಾಗಾದವರಿಗೆ ಮುಂದಿನ ಸಲವೂ ಆಗುವ ಸಂಭವ ಹೆಚ್ಚು. ನಿಲ್ಲಿಸುವುದು, ಮತ್ತೆ ಶುರುಮಾಡುವುದು, ಮತ್ತೆ ನಿಲ್ಲಿಸುವುದು ಎಂದು ಹಲವು ಸಲ ನಡೆದಷ್ಟೂ ನಿಲ್ಲಿಸಿದಾಗಿನ ತೊಂದರೆ ಜೋರಾಗುತ್ತಾ ಹೋಗಬಹುದು. ಐದೇ ದಿನ ಕುಡಿದಿದ್ದಾನಲ್ಲ ಎಂಬ ಸಮಾಧಾನ ಅವರ ವಿಷಯದಲ್ಲಿ ಸಲ್ಲದು. ಬೆಳಿಗ್ಗೆ ಎದ್ದೊಡನೆ ಬೇಕೆನ್ನುವುದು ದೇಹ ಮತ್ತೆ ಅದಕ್ಕೆ ಒಗ್ಗಿಕೊಳ್ಳುತ್ತಿರುವ ಲಕ್ಷಣ.

ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ ಎರಡು ದಿನಗಳೊಳಗೆ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಗೋಡೆಯ ಮೇಲೆ ಹುಳು ಹರಿಯುತ್ತಿವೆ ಎನ್ನುತ್ತಾರೆ, ಮನೆಯವರ ಗುರುತು ಸಿಗುವುದಿಲ್ಲ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ, ಜ್ವರ ಏರುತ್ತದೆ. ಈ ಕೊನೆಯ ಸ್ಥಿತಿ ಪ್ರಾಣಕ್ಕೆ ಎರವಾಗಬಲ್ಲದು. ಮುಚ್ಚಿದ ಬಾಗಿಲಿನ ಆಚೆ ಇದು ನಡೆದರೆ ನಿಮಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ನಾಳೆ ಬೆಳಿಗ್ಗೆ ಮಂಡ್ಯದ ಮಿಮ್ಸ್‌ನ ಮನೋರೋಗ ವಿಭಾಗಕ್ಕೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದೊಯ್ಯಿರಿ. ಹಿಂದಿನ ಸಲದ ಚೀಟಿಗಳನ್ನು ತೆಗೆದುಕೊಂಡು ಹೋಗಿ, ಫಿಟ್ಸ್ ಬಂದಿದ್ದ ವಿಷಯವನ್ನು ಮೊದಲ ಮಾತಾಗಿ ಹೇಳಿ. ಅಲ್ಲಿ ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಯನ್ನು ಮೊದಲು ಬೇಕಾದಷ್ಟು ಕೊಟ್ಟು, ಐದಾರು ದಿನಗಳಲ್ಲಿ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ಚುಚ್ಚುಮದ್ದಾಗಿ ಕೊಡುತ್ತಾರೆ. ಊಟವಿಲ್ಲದೆ ಕುಡಿದವರಲ್ಲಿ ಅದು ಕಡಿಮೆಯಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಫೆಬ್ರವರಿಯಲ್ಲಿ ಕೊಟ್ಟ ಮಾತ್ರೆ ಮನೆಯಲ್ಲಿ ಉಳಿದಿದೆ ಎಂದು ನೀವೇ ಕೊಡಲು ಹೋಗಬೇಡಿ. ಕುಡಿದ ಮೈಗೆ ಆ ಮಾತ್ರೆ ಬಿದ್ದರೆ ಉಸಿರೇ ಮಂದವಾಗಬಹುದು. ರಾತ್ರಿಯೇ ಫಿಟ್ಸ್ ಬಂದರೆ, ಅಥವಾ ಮಾತು ಅಸಂಬದ್ಧವಾದರೆ ಬೆಳಗಾಗಲು ಕಾಯದೆ 108ಕ್ಕೆ ಕರೆ ಮಾಡಿ.

ಕೆ.ಆರ್. ಪೇಟೆಯ ಮಾವನವರೇ, ಮೊದಲ ಮೂರು ತಿಂಗಳಲ್ಲಿ ಹೆಚ್ಚು ಜನ ಮರಳುತ್ತಾರೆ ಎಂಬ ನಿಮ್ಮ ಮಾತು ಸರಿ. ಆದರೆ ಗುಟ್ಟಾಗಿ ಮಾತ್ರೆ ಬೆರೆಸುವ ಸಲಹೆಯನ್ನು ನಾನು ಒಪ್ಪಲಾರೆ. ನೀವು ಹೇಳುತ್ತಿರುವುದು ಡೈಸಲ್ಫಿರಾಮ್. ಅದು ಮೈಯಲ್ಲಿರುವಾಗ ಕುಡಿದರೆ ಬರೀ ವಾಂತಿಯಾಗುವುದಿಲ್ಲ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿರುವವರು ಸತ್ತದ್ದೂ ಇದೆ. ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆಯದೆ ಅದನ್ನು ಶುರುಮಾಡುವಂತಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವ ಇರುತ್ತದೆ. ಪರಿಣಾಮವನ್ನು ತಿಳಿದು, ಒಪ್ಪಿ, ಯಕೃತ್ತಿನ ಪರೀಕ್ಷೆ ಮಾಡಿಸಿಕೊಂಡು ತಾನೇ ನುಂಗುವವರಿಗೆ ಅದು ಒಳ್ಳೆಯ ಔಷಧಿ. ತಿಳಿಯದವರ ಸಾರಿಗೆ ಅದನ್ನು ಬೆರೆಸುವುದು ಅಪಾಯ.

ಬೋಗಾದಿ ನಿವಾಸಿ

ನನ್ನದೂ ಇದೇ ಕತೆಯಾದ್ದರಿಂದ ಬರೆಯುತ್ತಿದ್ದೇನೆ. ಸಿಗರೇಟು ಬಿಟ್ಟು ಅರ್ಧ ವರ್ಷ ದಾಟಿತ್ತು. ಸ್ನೇಹಿತನ ಮದುವೆಯ ಬೀಗರ ಔತಣದಲ್ಲಿ ಒಂದೇ ಒಂದು ಸೇದಿದೆ. ಈಗ ದಿನಕ್ಕೆ ನಾಲ್ಕಾಗಿದೆ. ನಾನೂ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದೇ? ಹಾಗಿದ್ದರೆ ನಿಧಾನವಾಗಿ ಕಡಿಮೆ ಮಾಡುವುದು ಒಳ್ಳೆಯದಲ್ಲವೇ?

ನಿವೃತ್ತ ಶುಶ್ರೂಷಕಿ, ಮೈಸೂರು

ಇಲ್ಲ ಸರ್, ತಂಬಾಕಿಗೆ ಆ ಅಪಾಯವಿಲ್ಲ. ಸಿಡುಕು, ನಿದ್ದೆಗೇಡು, ಹಸಿವು ಕಾಡುತ್ತವೆ, ಆದರೆ ನೀವು ಇವತ್ತೇ ಪೂರ್ತಿ ನಿಲ್ಲಿಸಬಹುದು. ನಿಕೋಟಿನ್ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಕೆಲವು ವಾರ ಅದರ ಸಹಾಯ ಪಡೆಯಿರಿ. ಒಂದರಿಂದ ನಾಲ್ಕಕ್ಕೆ ಏರಿದ ಬಗೆ ಮಾತ್ರ ಇಬ್ಬರದೂ ಒಂದೇ. ಅದನ್ನು ಮುಂದೆ ಬರೆಯುತ್ತೇನೆ.

ಮಂಡ್ಯದ ತಮ್ಮ

ಮೇಡಂ, ನಿಮ್ಮ ಮಾತು ಓದಿ ಕೂಡಿಹಾಕುವ ಯೋಚನೆಯನ್ನು ಬಿಟ್ಟೆವು. ರಾತ್ರಿ ನಾನು ಅಣ್ಣನ ಪಕ್ಕದಲ್ಲೇ ಮಲಗಿದ್ದೆ. ಬೆಳಿಗ್ಗೆ ಅವನೇ ಆಟೋ ಹತ್ತಿದ. ಫಿಟ್ಸ್ ವಿಷಯ ಹೇಳಿದೊಡನೆ ದಾಖಲು ಮಾಡಿಕೊಂಡರು. ಈಗ ಡ್ರಿಪ್ ಹಾಕಿದ್ದಾರೆ, ಮಲಗಿದ್ದಾನೆ. ಕೈನಡುಕ ಎಷ್ಟಿತ್ತೆಂದರೆ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅಂಗಿಯ ಮೇಲೆ ಚೆಲ್ಲುತ್ತಿತ್ತು.

ವಾರ್ಡಿನಲ್ಲಿ ಅವನು ನನಗೆ ಹೇಳಿದ ಒಂದು ಮಾತನ್ನು ಇಲ್ಲಿ ಬರೆಯುತ್ತೇನೆ. "ಎಡೆ ಲೋಟ ಕುಡಿದ ರಾತ್ರಿ ನನಗೆ ಅಂಥ ಆಸೆಯೇನೂ ಆಗಲಿಲ್ಲ ಕಣೋ. ಬೆಳಿಗ್ಗೆ ಎದ್ದಾಗ, ಏಳು ತಿಂಗಳದ್ದೆಲ್ಲ ನೀರುಪಾಲಾಯಿತು, ಇನ್ನು ಉಳಿಸಿಕೊಳ್ಳುವುದಕ್ಕೆ ಏನಿದೆ ಅನ್ನಿಸಿತು. ಆಗ ಹೋಗಿ ಕ್ವಾರ್ಟರ್ ತಂದೆ" ಎಂದ.

ಏಳು ವರ್ಷದಿಂದ ಬಿಟ್ಟವನು, ಶ್ರೀರಂಗಪಟ್ಟಣ

ತಮ್ಮ, ನಿಮ್ಮ ಅಣ್ಣ ಆಡಿದ ಆ ಮಾತಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಬಹುಪಾಲು ಇದೆ. ಅವರನ್ನು ಕೆಡವಿದ್ದು ಅಮಾವಾಸ್ಯೆಯ ರಾತ್ರಿಯ ಲೋಟಕ್ಕಿಂತ ಮರುದಿನ ಬೆಳಗಿನ ಆ ಲೆಕ್ಕಾಚಾರ. ಗದ್ದೆಯ ಬದು ಒಂದು ಕಡೆ ಒಡೆದರೆ ನಾವು ಅದೇ ರಾತ್ರಿ ಲಾಟೀನು ಹಿಡಿದು ಹೋಗಿ ಮಣ್ಣು ಹಾಕುತ್ತೇವೆಯೇ ಹೊರತು, ಹೇಗೂ ಒಡೆಯಿತಲ್ಲ ಎಂದು ಉಳಿದ ಬದುವನ್ನೂ ಕಡಿಯುವುದಿಲ್ಲ. ಕುಡಿತದ ವಿಷಯದಲ್ಲಿ ಮಾತ್ರ ಮನಸ್ಸು ನಮ್ಮಿಂದ ಅದನ್ನೇ ಮಾಡಿಸುತ್ತದೆ. ಒಂದು ಲೋಟವಾದದ್ದನ್ನು ಅಂದೇ ಯಾರಿಗಾದರೂ ಹೇಳಿಕೊಂಡವರು ಒಂದು ಲೋಟಕ್ಕೇ ನಿಂತದ್ದನ್ನು ನಾನು ಕುಡಿತ ಬಿಟ್ಟವರ ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಮುಚ್ಚಿಟ್ಟವರಿಗೆ ಅದು ವಾರವಾಯಿತು, ತಿಂಗಳಾಯಿತು.

ಇನ್ನು "ಇಷ್ಟು ತಿಂಗಳು ಕಳೆದ ಮೇಲೆ ಏಕೆ" ಎಂಬುದಕ್ಕೆ ನನ್ನ ಅನುಭವದಲ್ಲಿ ಹೇಳುವುದಾದರೆ, ನಮ್ಮ ಕಡೆ ವರ್ಷದ ಒಂದೊಂದು ಸಂದರ್ಭಕ್ಕೂ ಕುಡಿತ ಅಂಟಿಕೊಂಡಿದೆ. ಹೊಸ ತೊಡಕು, ಊರ ಮಾರಿಹಬ್ಬ, ಪಿತೃಪಕ್ಷ, ಬೀಗರ ಔತಣ, ಕಬ್ಬಿನ ದುಡ್ಡು ಕೈಗೆ ಬಂದ ದಿನ. ಫೆಬ್ರವರಿಯಲ್ಲಿ ಬಿಟ್ಟವನು ಹೊಸ ತೊಡಕನ್ನು ಎದುರಿಸಿದಾಗ ಅವನಿಗೂ ಎಚ್ಚರವಿತ್ತು, ಮನೆಯವರ ಕಣ್ಣೂ ಅವನ ಮೇಲಿತ್ತು. ಪಿತೃಪಕ್ಷವನ್ನು ಕುಡಿಯದೆ ಕಳೆಯುವುದು ಅವನಿಗೆ ಈ ವರ್ಷವೇ ಮೊದಲು, ಅಷ್ಟರಲ್ಲಿ ಎಲ್ಲರ ಎಚ್ಚರವೂ ಸಡಿಲಿತ್ತು. ಮೊದಲ ವರ್ಷ ಪೂರ್ತಿಯಾಗುವ ತನಕ ಪ್ರತಿ ಹಬ್ಬವೂ ಹೊಸ ಪರೀಕ್ಷೆಯೇ. ಹಿಂದಿನದರಲ್ಲಿ ಗೆದ್ದದ್ದು ಮುಂದಿನದಕ್ಕೆ ಪೂರ್ತಿ ನೆರವಾಗುವುದಿಲ್ಲ.

ನಿವೃತ್ತ ಶುಶ್ರೂಷಕಿ, ಮೈಸೂರು

ದಾಖಲಾದದ್ದು ಕೇಳಿ ಮನಸ್ಸು ಹಗುರವಾಯಿತು. ಶ್ರೀರಂಗಪಟ್ಟಣದವರು ಹೇಳಿದ ವರ್ಷದ ಲೆಕ್ಕವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕುಡಿತದ ಜೊತೆ ಬೆಸೆದುಕೊಂಡ ವಾಸನೆ, ಜಾಗ, ಹೊತ್ತು, ಜೊತೆಗಾರರ ನೆನಪನ್ನು ಮಿದುಳು ಅಳಿಸಿಹಾಕುವುದಿಲ್ಲ. ಕುಡಿಯದೆ ಆ ಸಂದರ್ಭವನ್ನು ಹಲವು ಸಲ ದಾಟಿದಾಗ ಹಳೆಯದರ ಮೇಲೆ ಹೊಸ ಕಲಿಕೆ ಕೂಡುತ್ತದೆ, ಅಷ್ಟೇ. ಆದ್ದರಿಂದ ಮೈ ಶುದ್ಧವಾಗಿದೆ ಎಂಬುದರಿಂದ ಈ ನೆನಪು ಹೋಗಿದೆ ಎಂದು ತಿಳಿಯುವಂತಿಲ್ಲ.

ಇದರ ಜೊತೆಗೆ ನಿದ್ದೆಯ ವಿಷಯವೂ ಇದೆ. ಬಹುಕಾಲ ಕುಡಿದವರ ನಿದ್ದೆ, ಬಿಟ್ಟು ತಿಂಗಳುಗಳಾದರೂ ಪೂರ್ತಿ ಸರಿಹೋಗಿರುವುದಿಲ್ಲ. ನಡುರಾತ್ರಿ ಎಚ್ಚರವಾಗುವುದು, ಸಣ್ಣದಕ್ಕೂ ರೇಗುವುದು, ಯಾವುದರಲ್ಲೂ ರುಚಿಯಿಲ್ಲದಿರುವುದು ಇವೆಲ್ಲ ಆರು ತಿಂಗಳು, ಕೆಲವರಲ್ಲಿ ಒಂದು ವರ್ಷವೂ ಬಂದು ಹೋಗುತ್ತಿರುತ್ತವೆ. ಇದು ಗುಣವಾಗುತ್ತಿರುವ ಮಿದುಳಿನ ಸ್ಥಿತಿ ಎಂದು ಗೊತ್ತಿಲ್ಲದವರು, ಬಿಟ್ಟರೂ ಸುಖವಿಲ್ಲ ಎಂದುಕೊಳ್ಳುತ್ತಾರೆ.

ತಮ್ಮ ಅವರೇ, ಈಗ ನಿಮ್ಮಿಂದ ನನಗೊಂದು ಸಹಾಯ ಬೇಕು. ಅಮಾವಾಸ್ಯೆಯ ಹಿಂದಿನ ಎರಡು ತಿಂಗಳನ್ನು ನೆನಪಿಸಿಕೊಳ್ಳಿ. ಮಾತ್ರೆ, ನಿದ್ದೆ, ದುಡ್ಡು, ಸಂಜೆಯ ಹೊತ್ತು ಎಲ್ಲಿ ಕಳೆಯುತ್ತಿದ್ದರು, ಇಷ್ಟನ್ನು ಸಾಧ್ಯವಾದರೆ ಅಣ್ಣನನ್ನೇ ಕೇಳಿ ಬರೆಯಿರಿ. ಆದರೆ ಇನ್ನೆರಡು ದಿನ ಕಳೆದು ಅವರ ತಲೆ ತಿಳಿಯಾದ ಮೇಲೆ ಕೇಳಿ, ಈಗ ಬೇಡ.

ಪಾಂಡವಪುರದ ಅಕ್ಕ

ನಾನು ಕುಡಿಯುವವರ ಮನೆಯ ಹೆಂಗಸಾಗಿ ಹೇಳುತ್ತಿದ್ದೇನೆ. ಇಲ್ಲಿ ಎಲ್ಲರೂ ಅಣ್ಣನ ಬಗ್ಗೆಯೇ ಬರೆದಿದ್ದೀರಿ, ನಿಮ್ಮ ಅತ್ತಿಗೆಯ ಬಗ್ಗೆ ಯಾರೂ ಕೇಳಲಿಲ್ಲ. ಏಳು ತಿಂಗಳು ಆಕೆ ರಾತ್ರಿ ಗಂಡ ಬಾಗಿಲು ತಟ್ಟಿದಾಗಲೆಲ್ಲ ಮೊದಲು ಬಾಯಿಯ ವಾಸನೆ ನೋಡಿ ಆಮೇಲೆ ಮುಖ ನೋಡಿರುತ್ತಾರೆ. ತವರಿಗೆ ಹೋಗುತ್ತೇನೆ ಎಂದರೆ ಅದು ಬೆದರಿಕೆ ಇರಲಾರದು, ದಣಿವಿನ ಮಾತಿರಬಹುದು. ನಾಲ್ಕು ದಿನ ಹೋಗಿ ಬರಲಿ ಬಿಡಿ.

ಇನ್ನೊಂದು ಮಾತು ನಿಷ್ಠುರವಾಗಿ ಕೇಳಿಸಿದರೆ ಕ್ಷಮಿಸಿ. ಎಡೆಗೆ ಆ ಬಾಟಲಿಯನ್ನು ಇಡಲೇಬೇಕಿತ್ತೇ? ನಮ್ಮ ಮನೆಯಲ್ಲಿ ಮಾವನವರಿಗೆ ಎಡೆ ಇಡುವಾಗ ಮಾಂಸ, ಮುದ್ದೆ, ಅವರಿಗೆ ಇಷ್ಟವಾದ ಎಲೆಯಡಿಕೆ ಎಲ್ಲ ಇಡುತ್ತೇವೆ. ಹೆಂಡದ ಬಾಟಲಿಯನ್ನು ನಾನು ಹಟ ಹಿಡಿದು ನಿಲ್ಲಿಸಿದೆ.

ಕೆ.ಆರ್. ಪೇಟೆಯ ಮಾವ

ಮಾತ್ರೆ ಬೆರೆಸುವ ವಿಷಯದಲ್ಲಿ ಮೇಡಂ ಹೇಳಿದ್ದು ನನಗೆ ತಿಳಿದಿರಲಿಲ್ಲ, ಆ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಎಡೆಯ ವಿಷಯದಲ್ಲಿ ನನ್ನ ಒಪ್ಪಿಗೆ ಇಲ್ಲ. ಹಿರಿಯರು ಉಂಡು ಕುಡಿದು ಬದುಕಿದವರು, ಅವರಿಗೆ ಇಡುವುದನ್ನು ಮೊಮ್ಮಕ್ಕಳ ಅನುಕೂಲಕ್ಕೆ ತಪ್ಪಿಸಬಾರದು. ಬೇಕಾದರೆ ಬಾಟಲಿ ತರುವ ಕೆಲಸವನ್ನೂ ಎಡೆ ಎತ್ತುವ ಕೆಲಸವನ್ನೂ ಬೇರೆಯವರು ಮಾಡಲಿ, ಉಳಿದದ್ದನ್ನು ಅಂದೇ ಮನೆಯಿಂದ ಆಚೆ ಸಾಗಿಸಲಿ.

ಮಂಡ್ಯದ ತಮ್ಮ

ನಾಲ್ಕನೆಯ ದಿನ ಇವತ್ತು. ಫಿಟ್ಸ್ ಬರಲಿಲ್ಲ. ಇಡ್ಲಿ ತಿಂದು, ತಾನೇ ಎದ್ದು ಸ್ನಾನ ಮಾಡಿದ. ಮೇಡಂ ಕೇಳಿದ್ದನ್ನು ಮಧ್ಯಾಹ್ನ ಅವನ ಹತ್ತಿರ ಕುಳಿತು ಒಂದೊಂದಾಗಿ ಬರೆದುಕೊಂಡೆ.

ಜುಲೈ ಕೊನೆಯಲ್ಲಿ ಆಸೆ ತಗ್ಗಿಸುವ ಮಾತ್ರೆ ಮುಗಿದಿತ್ತು. ನಾಲೆಗೆ ನೀರು ಬಿಟ್ಟಿದ್ದರಿಂದ ನಾಟಿಯ ಕೆಲಸವಿತ್ತು, ಆಸ್ಪತ್ರೆಗೆ ಹೋದರೆ ಒಂದು ದಿನದ ಕೆಲಸ ಹೋಗುತ್ತದೆಂದು ಮುಂದೂಡಿದ. ಚೆನ್ನಾಗಿಯೇ ಇದ್ದೇನಲ್ಲ, ಇನ್ನೇಕೆ ಎಂದು ಆಮೇಲೆ ಹೋಗಲೇ ಇಲ್ಲ. ಭಾನುವಾರದ ಸಭೆಗೆ ಹೋಗುವುದನ್ನು ಆಗಸ್ಟ್‌ನಲ್ಲಿ ಬಿಟ್ಟ. ರಾತ್ರಿ ನೀರು ಕಟ್ಟಲು ಹೋಗಿ ನಿದ್ದೆ ಕೆಟ್ಟಿತು. ನೀರು ಕಟ್ಟುವುದು ಮುಗಿದ ಮೇಲೂ ಎರಡು ಗಂಟೆಗೆ ಎಚ್ಚರವಾಗುವುದು ನಿಲ್ಲಲಿಲ್ಲವಂತೆ. ಸೊಸೈಟಿ ಸಾಲದ ಕಂತು ಕಟ್ಟಿರಲಿಲ್ಲ, ನೋಟಿಸು ಬಂದದ್ದನ್ನು ಅತ್ತಿಗೆಗೆ ಹೇಳದೆ ಬೀರುವಿನ ಕಾಗದದಡಿ ಇಟ್ಟಿದ್ದ. ಸೆಪ್ಟೆಂಬರ್ ಹೊತ್ತಿಗೆ ಸಂಜೆ ಹೊತ್ತು ವೈನ್ ಶಾಪ್ ಪಕ್ಕದ ಟೀ ಅಂಗಡಿಯಲ್ಲಿ ಕೂರತೊಡಗಿದ. ಕುಡಿಯುತ್ತಿರಲಿಲ್ಲ, ಹಳೆಯ ಗೆಳೆಯರೊಂದಿಗೆ ಮಾತಾಡುತ್ತಿದ್ದ. ಅಮಾವಾಸ್ಯೆಯ ದಿನ ಎಡೆಗೆ ಬಾಟಲಿ ತರಲು ನಾವೇ ಅವನನ್ನು ಕಳುಹಿಸಿದೆವು. ಏಳು ತಿಂಗಳು ಗಟ್ಟಿಯಾಗಿದ್ದಾನಲ್ಲ ಎಂಬ ಧೈರ್ಯ ನಮಗೆ. ಮಧ್ಯಾಹ್ನದಿಂದ ಉಪವಾಸವಿದ್ದು ರಾತ್ರಿ ಬರಿಹೊಟ್ಟೆಯಲ್ಲಿ ಆ ಲೋಟ ಎತ್ತಿದ್ದಾನೆ.

ನಿವೃತ್ತ ಶುಶ್ರೂಷಕಿ, ಮೈಸೂರು

ಇಷ್ಟು ಸ್ಪಷ್ಟವಾಗಿ ಬರೆದುಕೊಂಡದ್ದು ಬಹಳ ಒಳ್ಳೆಯ ಕೆಲಸ. ಈಗ ನೀವೇ ನೋಡಿ, ಜಾರಿದ್ದು ಅಮಾವಾಸ್ಯೆಯ ರಾತ್ರಿಯಲ್ಲ, ಜುಲೈನಲ್ಲೇ ಕಾಲು ಸಡಿಲವಾಗಿತ್ತು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯಾವುದೂ ಕುಡಿತಕ್ಕೆ ಸಂಬಂಧಿಸಿದ ತೀರ್ಮಾನವಾಗಿ ಕಾಣುವುದಿಲ್ಲ. ನಾಟಿಗಾಗಿ ಆಸ್ಪತ್ರೆ ತಪ್ಪಿತು, ಗೆಳೆಯರಿಗಾಗಿ ಟೀ ಅಂಗಡಿ, ಹೆಂಡತಿಗೆ ನೋವಾಗದಿರಲೆಂದು ನೋಟಿಸು ಬಚ್ಚಿಟ್ಟದ್ದು. ತಿಂಗಳುಗಳ ನಂತರದ ಮರುಕಳಿಕೆ ಸಾಮಾನ್ಯವಾಗಿ ಹೀಗೆಯೇ ಬರುತ್ತದೆ. ಚೆನ್ನಾಗಿದ್ದೇನೆ ಎಂಬ ಕಾರಣಕ್ಕೇ, ಚೆನ್ನಾಗಿಟ್ಟಿದ್ದ ವ್ಯವಸ್ಥೆಯನ್ನು ಒಂದೊಂದಾಗಿ ಕೈಬಿಡುತ್ತಾರೆ.

ಆದ್ದರಿಂದ ಮುಂದಿನದನ್ನು ಕುಡಿಯಬಾರದು ಎಂಬ ಆಣೆಯಿಂದ ಶುರುಮಾಡಬೇಡಿ. ಆಣೆ ಮುರಿದರೆ ಮತ್ತೆ ಅದೇ ಬೆಳಗಿನ ಲೆಕ್ಕ ಬರುತ್ತದೆ. ಈ ಸರಪಳಿಯಲ್ಲಿ ಮನೆಯವರ ಕಣ್ಣಿಗೆ ಕಾಣುವ ಕೊಂಡಿಗಳನ್ನು ಹಿಡಿಯಿರಿ. ಮೊದಲನೆಯದು ಆಸೆ ತಗ್ಗಿಸುವ ಮಾತ್ರೆ. ನಾಲ್ಟ್ರೆಕ್ಸೋನ್ ಆಗಲಿ ಅಕಾಂಪ್ರೋಸೇಟ್ ಆಗಲಿ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ ನೋಡಿ ವೈದ್ಯರು ಆರಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸುತ್ತಾರೆ. ಯಾವಾಗ ನಿಲ್ಲಿಸಬೇಕೆಂಬುದು ನಾಟಿಯ ಕೆಲಸದಿಂದ ತೀರ್ಮಾನವಾಗಬಾರದು. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಆಸ್ಪತ್ರೆಗೆ ಹೋಗುವವರು ಯಾರೆಂದು ಈಗಲೇ ಹೇಳಿಕೊಳ್ಳಿ. ಅಣ್ಣನಿಗೆ ಆಗದಿದ್ದರೆ ಆ ದಿನ ಗದ್ದೆಯ ಕೆಲಸವನ್ನು ನೀವು ನೋಡಿಕೊಳ್ಳಿ.

ಎರಡನೆಯದು ನಿದ್ದೆ. ನಾಲ್ಕು ರಾತ್ರಿ ಸತತವಾಗಿ ಎರಡು ಗಂಟೆಗೆ ಎಚ್ಚರವಾದರೆ ಅದನ್ನು ಎಚ್ಚರಿಕೆಯೆಂದು ತಿಳಿದು ವೈದ್ಯರಿಗೆ ಹೇಳಿ. ಸದ್ಯ ರಾತ್ರಿ ನೀರು ಕಟ್ಟುವ ಸರದಿ ಅವರಿಗೆ ಬೇಡ.

ಮೂರನೆಯದಾಗಿ, ಮತ್ತೆ ಒಂದು ಲೋಟವಾದರೆ ಏನು ಮಾಡಬೇಕೆಂದು ಅವರು ಪೂರ್ತಿ ಚೆನ್ನಾಗಿರುವಾಗಲೇ ಮಾತಾಡಿ ಇಟ್ಟುಕೊಳ್ಳಿ. ಹೀಗೆ ಮಾತಾಡಿದರೆ ಕುಡಿಯಲು ಅನುಮತಿ ಕೊಟ್ಟಂತೆ ಎಂದು ಅನೇಕರು ಹೆದರುತ್ತಾರೆ, ನಾನು ಹಾಗೆ ಭಾವಿಸುವುದಿಲ್ಲ. ಲೋಟ ಕೆಳಗಿಟ್ಟು ಜಾಗ ಬಿಡುವುದು, ಹೊಟ್ಟೆಗೆ ಊಟ ಹಾಕುವುದು, ಅಂದೇ ಒಬ್ಬರಿಗೆ ಫೋನ್ ಮಾಡುವುದು, ಮರುದಿನ ಬೆಳಿಗ್ಗೆ ಒಂಟಿಯಾಗಿರದಿರುವುದು. ಆ ಒಬ್ಬರು ಯಾರೆಂದು ಅಣ್ಣನೇ ಆರಿಸಲಿ. ಫೋನ್ ಎತ್ತಿದವರು ಬೈಯುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿರಬೇಕು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ಲೋಟಕ್ಕೆ ನಿಂತರೆ ಆಸ್ಪತ್ರೆ ಸೇರುವ ಅಗತ್ಯ ಬೀಳದಿರಬಹುದು, ಆದರೆ ಎರಡನೆಯ ದಿನವೂ ಕುಡಿದಿದ್ದರೆ ಮನೆಯಲ್ಲಿ ನಿಲ್ಲಿಸಲು ಹೋಗದೆ ವೈದ್ಯರ ಬಳಿಗೆ ಬನ್ನಿ. ಒಂದು ವಿಷಯ ಅಣ್ಣನಿಗೆ ಗೊತ್ತಿರಲಿ: ಬಿಟ್ಟು ತಿಂಗಳುಗಳಾದ ಮೈಗೆ ಮೊದಲಿನ ಅಳತೆ ತಡೆಯುವುದಿಲ್ಲ. ಹಿಂದೆ ನಡೆದಾಡಿಕೊಂಡಿದ್ದ ಪ್ರಮಾಣವೇ ಈಗ ಪ್ರಜ್ಞೆ ತಪ್ಪಿಸಬಹುದು.

ಬೋಗಾದಿ ನಿವಾಸಿ

ಇದನ್ನು ಓದುತ್ತಿರುವಾಗ ಒಂದು ಪ್ರಶ್ನೆ ಬಂತು. ಏಳು ತಿಂಗಳು ಬಿಡಬಲ್ಲ ಮನುಷ್ಯ ಹಬ್ಬಕ್ಕೆ ಮಾತ್ರ, ಅಳತೆಯಲ್ಲಿ ಕುಡಿಯುವುದನ್ನು ಕಲಿಯಲಾರನೇ? ನನ್ನ ಕಚೇರಿಯಲ್ಲಿ ಹಾಗೆ ಇರುವವರಿದ್ದಾರೆ.

ಏಳು ವರ್ಷದಿಂದ ಬಿಟ್ಟವನು, ಶ್ರೀರಂಗಪಟ್ಟಣ

ಸರ್, ಇರಬಹುದು. ಬೆಳಿಗ್ಗೆ ಕೈ ನಡುಗುವ ಹಂತವನ್ನು ಮುಟ್ಟದವರಲ್ಲಿ ಕೆಲವರು ಅಳತೆಗೆ ಬಂದದ್ದನ್ನು ನಾನೂ ಬಲ್ಲೆ. ಫಿಟ್ಸ್ ಬಂದವರ ವಿಷಯದಲ್ಲಿ ಆ ಪ್ರಯೋಗವನ್ನು ನಾನು ಯಾರಿಗೂ ಹೇಳಲಾರೆ. ಹಬ್ಬಕ್ಕೆ ಮಾತ್ರ ಎಂದು ಶುರುಮಾಡಿ ವಾರದೊಳಗೆ ಹಬ್ಬವಿಲ್ಲದ ದಿನವೂ ಕುಡಿದವರಲ್ಲಿ ನಾನೊಬ್ಬ.

ತಮ್ಮ, ಅಣ್ಣ ಬಿಡುಗಡೆಯಾದ ಮೊದಲ ಭಾನುವಾರವೇ ಸಭೆಗೆ ಕರೆತನ್ನಿ. ಮೈಸೂರಿನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಕನ್ನಡದಲ್ಲೂ ನಡೆಯುತ್ತವೆ. ಅದು ದೂರವಾದರೆ, ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಬಂದವರ ನವಜೀವನ ಸಮಿತಿ ನಿಮ್ಮ ಸುತ್ತಮುತ್ತ ಇದೆಯೇ ವಿಚಾರಿಸಿ. ಜಾರಿ ಬಂದವರಿಗೆ ಮುಖ ತೋರಿಸಲು ನಾಚಿಕೆಯಾಗುತ್ತದೆ, ಹಾಗಾಗಿ ಮೊದಲ ದಿನ ನೀವೂ ಬಾಗಿಲತನಕ ಬನ್ನಿ. ಅಲ್ಲಿ ಅವರು ದಿನದ ಲೆಕ್ಕವನ್ನು ಒಂದರಿಂದ ಶುರುಮಾಡಬೇಕು. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಸುಳ್ಳು ಲೆಕ್ಕ ಇಟ್ಟುಕೊಂಡವರು ಉಳಿದದ್ದನ್ನು ಕಾಣಲಿಲ್ಲ.

ನಿವೃತ್ತ ಶುಶ್ರೂಷಕಿ, ಮೈಸೂರು

ಇಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಸಭೆಯಲ್ಲಿ ಒಂದರಿಂದ ಎಣಿಸಲಿ, ಆದರೆ ಮನೆಯಲ್ಲಿ ಯಾರೂ ಏಳು ತಿಂಗಳು ಹೋಯಿತು ಎನ್ನಬಾರದು. ಆ ಏಳು ತಿಂಗಳಲ್ಲಿ ಯಕೃತ್ತಿಗೆ ಸಿಕ್ಕ ಬಿಡುವು, ಮಕ್ಕಳ ಜೊತೆ ಉಂಡ ಊಟ, ಹೊಸ ತೊಡಕನ್ನು ದಾಟಿದ ರೀತಿ ಎಲ್ಲ ನಡೆದದ್ದೇ. ಐದು ದಿನ ಅದನ್ನು ಅಳಿಸುವುದಿಲ್ಲ. ಒಂದರಿಂದ ಎಣಿಸಬೇಕೆಂಬ ಭಯದಿಂದಲೇ ಒಂದು ಲೋಟವನ್ನು ಮುಚ್ಚಿಟ್ಟವರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ.

ಏಳು ವರ್ಷದಿಂದ ಬಿಟ್ಟವನು, ಶ್ರೀರಂಗಪಟ್ಟಣ

ಮೇಡಂ, ನಿಮ್ಮ ಮಾತಿನ ಹಿಂದಿನ ಕಳಕಳಿಗೆ ನನ್ನ ಗೌರವವಿದೆ. ಆದರೆ ನನಗೆ ಆ ಒಂದು ಎಂಬ ಅಂಕಿಯೇ ಆಸರೆಯಾಯಿತು. ಯಾರಿಗೆ ಯಾವುದು ಹಿಡಿಸುತ್ತದೆಂದು ಅವರ ಅಣ್ಣನೇ ನೋಡಿಕೊಳ್ಳಲಿ.

ಮಂಡ್ಯದ ತಮ್ಮ

ಅಣ್ಣ ಮನೆಗೆ ಬಂದಿದ್ದಾನೆ. ಅಮ್ಮ ತಾಯತ ಕಟ್ಟಿಸಿದರು. ನಾನು ಬೇಡವೆನ್ನಲಿಲ್ಲ, ಮಾತ್ರೆಯೂ ಜೊತೆಗೆ ನಡೆಯುತ್ತಿದೆ. ಅತ್ತಿಗೆ ತವರಿಗೆ ಹೋಗಿ ಮೂರು ದಿನ ಇದ್ದು ಬಂದರು. ಸೊಸೈಟಿ ನೋಟಿಸನ್ನು ಅಣ್ಣನೇ ತೆಗೆದು ಅವರ ಕೈಗೆ ಕೊಟ್ಟ. ಅವರು ಅಳಲಿಲ್ಲ, ಕಂತು ಎಷ್ಟೆಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಫೋನ್ ಮಾಡಬೇಕಾದ ವ್ಯಕ್ತಿಯಾಗಿ ಅಣ್ಣ ನನ್ನನ್ನು ಆರಿಸಲಿಲ್ಲ, ಶ್ರೀರಂಗಪಟ್ಟಣದ ಅಣ್ಣನವರ ಸಭೆಯಲ್ಲಿ ಪರಿಚಯವಾದ ಒಬ್ಬ ಲಾರಿ ಚಾಲಕರನ್ನು ಆರಿಸಿದ್ದಾನೆ. ಮೊದಲು ಬೇಸರವಾಯಿತು, ಈಗ ಸರಿ ಎನ್ನಿಸುತ್ತಿದೆ.

ಕ್ಯಾಲೆಂಡರ್ ಮುಂದಿಟ್ಟುಕೊಂಡು ದೀಪಾವಳಿಯಿಂದ ಮುಂದಿನ ಪಿತೃಪಕ್ಷದವರೆಗೆ ಒಂದೊಂದೇ ದಿನ ನೋಡಿದೆವು. ನವೆಂಬರಿನಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ ಇದೆ. ಮುಹೂರ್ತಕ್ಕೆ ಹೋಗಿ, ಬೀಗರ ಔತಣಕ್ಕೆ ಮಾತ್ರ ಹೋಗದಿರುವುದೆಂದು ಅಣ್ಣನೇ ಹೇಳಿದ. ಚಿಕ್ಕಪ್ಪನಿಗೆ ಕಾರಣ ಹೇಳುವ ಕೆಲಸ ನನ್ನದು. ತೀರ್ಮಾನವಾಗದೆ ಉಳಿದದ್ದು ಎರಡು. ಮುಂದಿನ ವರ್ಷದ ಎಡೆಗೆ ಬಾಟಲಿ ಇಡುವುದೋ ಬೇಡವೋ ಎಂಬುದರಲ್ಲಿ ಅಮ್ಮ ಕೆ.ಆರ್. ಪೇಟೆಯ ಮಾವನವರ ಪಕ್ಷ, ಅತ್ತಿಗೆ ಪಾಂಡವಪುರದ ಅಕ್ಕನವರ ಪಕ್ಷ. ಇನ್ನೊಂದು ಕಬ್ಬಿನ ದುಡ್ಡು. ಅದು ಅತ್ತಿಗೆಯ ಖಾತೆಗೆ ಬರಲಿ ಎಂದು ನಾನು ಹೇಳಿದೆ. ಅಣ್ಣ ಮುಖ ಬಿಗಿದುಕೊಂಡು, ನನ್ನ ಬೆವರಿನ ದುಡ್ಡಿಗೂ ಕಾವಲೇ ಎಂದ. ಇದನ್ನು ಅವನಿಗೆ ಅವಮಾನವಾಗದ ಹಾಗೆ ನಿಭಾಯಿಸಿದವರು ಯಾರಾದರೂ ಇದ್ದರೆ ಹೇಗೆಂದು ಬರೆಯಿರಿ.

ಪಾಂಡವಪುರದ ಅಕ್ಕ

ನಮ್ಮಲ್ಲಿ ಖಾತೆ ಅವರ ಹೆಸರಿನಲ್ಲೇ ಇದೆ. ದುಡ್ಡು ಬಂದ ದಿನ ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ, ಸಾಲದ ಕಂತು ಮತ್ತು ಮಕ್ಕಳ ಫೀಸನ್ನು ಅಲ್ಲಿಂದಲೇ ಕಟ್ಟಿ, ಉಳಿದದ್ದರಲ್ಲಿ ವಾರದ ಖರ್ಚಿಗಷ್ಟೇ ತೆಗೆದುಕೊಂಡು ಬರುತ್ತೇವೆ. ಹಾಗೆ ಮಾಡೋಣ ಎಂದದ್ದು ನನ್ನ ಯಜಮಾನರೇ, ಅದೂ ಎರಡನೆಯ ಸಲ ಜಾರಿದ ಮೇಲೆ. ನಿಮ್ಮ ಅಣ್ಣ ಈಗಲೇ ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಕಬ್ಬು ಕಡಿಯುವುದಕ್ಕೆ ಇನ್ನೂ ಸಮಯವಿದೆಯಲ್ಲ. ಅಷ್ಟರೊಳಗೆ ಅತ್ತಿಗೆಯೇ ಒಮ್ಮೆ ಅವರನ್ನು ಕೇಳಿ ನೋಡಲಿ.